ಕಮಿಷನ್ 8% ಅಂದರು, ಉಳಿದ ರೊಕ್ಕ ಎಲ್ಲಿ ಹೋಯಿತು?

ಕಲಬುರಗಿಯಿಂದ ಖಡಕ್ ರೊಟ್ಟಿ ಆನ್‌ಲೈನ್‌ನಲ್ಲಿ ಮಾರುವವರು ಕೇಳುವ ಪ್ರಶ್ನೆ ಒಂದೇ: "ಸರ್, ಕಮಿಷನ್ 8% ಅಂತ ಹೇಳ್ಯಾರ. 300 ರೂಪಾಯಿ ಡಬ್ಬಿಗಿ ಖಾತೆದಾಗ 124 ರೂಪಾಯಿ ಬಂದದ. ಇಷ್ಟು ಕಮಿಷನ್ ಹಿಡೀತಾರೇನು?"

ಇಲ್ಲ. ಎಷ್ಟು ಸಲ ಹೇಳಿದರೂ ಈ ತಪ್ಪು ತಿಳುವಳಿಕೆ ಹೋಗುತ್ತಿಲ್ಲ. ಕಡಿತವಾದದ್ದೆಲ್ಲ ಕಮಿಷನ್ ಅಲ್ಲ. ಕಡಿಮೆ ಬೆಲೆಯ ಸಾಮಾನಿನಲ್ಲಿ ಕಮಿಷನ್ ಚಿಕ್ಕ ಪಾಲು, ದೊಡ್ಡ ಪಾಲು ಸಾಗಣೆಯದು. ಬ್ಯಾಂಕಿಗೆ ಬಂದ ಮೊತ್ತ ಬಿಡಿ. ನೀವು ಮಾರುವ ಆನ್‌ಲೈನ್ ವೇದಿಕೆ ಪ್ರತಿ ಆರ್ಡರಿನ ಕಡಿತ ತೋರಿಸುವ ಸೆಟಲ್‌ಮೆಂಟ್ ಶೀಟ್ ಕೊಡುತ್ತದೆ, ಅದನ್ನು ಡೌನ್‌ಲೋಡ್ ಮಾಡಿ, ಒಂದೇ ಆರ್ಡರ್ ಐಡಿ ಹುಡುಕಿ, ಆ ಸಾಲನ್ನು ಎಡದಿಂದ ಬಲಕ್ಕೆ ಓದಿ.

ದರಗಳು ವೇದಿಕೆಗೊಂದು ತರಹ ಇರುತ್ತವೆ, ಆಗಾಗ ಬದಲಾಗುತ್ತವೆ. ಲೆಕ್ಕ ತಿಳಿಯಲು ಹೀಗೆ ಇಟ್ಟುಕೊಳ್ಳೋಣ. ಮಾರಾಟ ಬೆಲೆ 300. ಕಮಿಷನ್ 8% ಅಂದರೆ 24 ರೂಪಾಯಿ. ಫಿಕ್ಸೆಡ್ ಫೀ 20. ಇದು ಶೇಕಡಾ ಲೆಕ್ಕವಲ್ಲ, ಆರ್ಡರ್ ಒಂದಕ್ಕೆ ಇಷ್ಟು ಎಂದು ಹಿಡಿಯುವುದು. ಸಾಗಣೆ ಮೊದಲ ಅರ್ಧ ಕಿಲೋಗೆ 45, ಆಮೇಲೆ ಪ್ರತಿ ಅರ್ಧ ಕಿಲೋಗೆ 15.

ಇಲ್ಲಿಗೆ ಬಂದಾಗ ಎಲ್ಲರೂ ಹೇಳುವ ಮಾತು, "ನಮ್ಮ ಡಬ್ಬಿ ತಕ್ಕಡಿಯಲ್ಲಿ 900 ಗ್ರಾಂ, ಸಾಗಣೆ 60 ಆಗಬೇಕು, 105 ಹಿಡಿದಾರ." ಕೊರಿಯರ್‌ನವರು ತಕ್ಕಡಿ ಒಂದನ್ನೇ ನೋಡುವುದಿಲ್ಲ. ಡಬ್ಬಿ ವ್ಯಾನಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಅಂತಲೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬರುವ ಕಿಲೋ ಮತ್ತು ತಕ್ಕಡಿಯ ಕಿಲೋ, ಎರಡರಲ್ಲಿ ಹೆಚ್ಚಿನದಕ್ಕೆ ಬಿಲ್ಲು. ರೊಟ್ಟಿ ಹಗುರ, ಆದರೆ ಮುರಿಯಬಾರದೆಂದು ನಾವು ದೊಡ್ಡ ಡಬ್ಬಿಗೆ ಹಾಕುತ್ತೇವೆ. 30 × 30 × 12 ಡಬ್ಬಿ 2.16 ಕಿಲೋ ಆಗುತ್ತದೆ, ಮೇಲಿನ ಹಂತಕ್ಕೆ ಏರಿಸಿದರೆ ಎರಡೂವರೆ. 105 ರೂಪಾಯಿ ಬಂದದ್ದು ಹೀಗೆ.

ಈಗ ಕೂಡಿಸಿ. 24, 20, 105 ಸೇರಿ 149. ಅದರ ಮೇಲೆ 18% ಜಿಎಸ್‌ಟಿ 26.82. ಒಟ್ಟು ಕಡಿತ 175.82, ಕೈಗೆ 124.18. ಜಿಎಸ್‌ಟಿ ಸೇರಿಸಿದರೂ ಇದರಲ್ಲಿ ಕಮಿಷನ್ 28 ರೂಪಾಯಿ ಚಿಲ್ಲರೆ ಮಾತ್ರ.

ಅದೇ ರೊಟ್ಟಿಯನ್ನು ಬಿಗಿಯಾಗಿ ಜೋಡಿಸಿ 24 × 24 × 8 ಡಬ್ಬಿಗೆ ಹಾಕಿ ನೋಡಿ. 0.92 ಕಿಲೋ, ಅಂದರೆ ಒಂದು ಕಿಲೋ ಹಂತ, ಸಾಗಣೆ 60. ಕೈಗೆ 177.28. ಗಿರಾಕಿಗೆ ಒಂದು ಪೈಸೆ ಏರಿಸದೆ ಡಬ್ಬಿಗೆ 53 ರೂಪಾಯಿ ಉಳಿಯಿತು. ಕಮಿಷನ್ ಬಗ್ಗೆ ಜಗಳಾಡಿ ಇಷ್ಟು ಯಾರಿಗೂ ಸಿಕ್ಕಿಲ್ಲ. ಡಬ್ಬಿ ಚಿಕ್ಕದಿದ್ದೂ ಹೆಚ್ಚು ತೂಕ ಹಿಡಿದಿದ್ದರೆ ಅದು ನಿಜವಾದ ತಕರಾರು. ಅದಕ್ಕೆ ಪುರಾವೆ ಬೇಕು. ಕಳಿಸುವ ಮುಂಚೆ ಲೇಬಲ್ ಕಾಣುವಂತೆ, ಟೇಪು ಹಿಡಿದು ಮೂರೂ ಅಳತೆಯ ಫೋಟೋ, ತಕ್ಕಡಿ ಮೇಲಿನ ಒಂದು ಫೋಟೋ ತೆಗೆದಿಡಿ. ತಕರಾರು ಹಾಕಲು ಗಡುವು ಇರುತ್ತದೆ, ಶೀಟ್ ಬಂದ ವಾರವೇ ನೋಡಿ.

ವಾಪಸಿನ ಲೆಕ್ಕ ಬೇರೆ. ಗಿರಾಕಿ ಬಾಗಿಲಲ್ಲೇ ಬೇಡ ಎಂದು ಕಳಿಸಿದ್ದು ಒಂದು ತರಹ, ತೆಗೆದುಕೊಂಡು ಆಮೇಲೆ ಮರಳಿಸಿದ್ದು ಇನ್ನೊಂದು. ಎರಡಕ್ಕೂ ಶುಲ್ಕ ಬೇರೆ ಇರುವುದರಿಂದ ರಿಟರ್ನ್ ಟೈಪ್ ಕಾಲಂ ನೋಡಲೇಬೇಕು. ಎರಡನೆಯದರಲ್ಲಿ ಕಮಿಷನ್ ಸಾಮಾನ್ಯವಾಗಿ ಹಿಂದಕ್ಕೆ ಬರುತ್ತದೆ, ಸಾಗಣೆ ಬರುವುದು ಕಡಿಮೆ, ಮರಳಿ ತಂದ ಸಾಗಣೆಯೂ ನಿಮ್ಮ ಮೇಲೆ ಬೀಳಬಹುದು. ದೊಡ್ಡ ಡಬ್ಬಿ ಹೀಗೆ ಎರಡು ಸಲ ಹೊಡೆಯುತ್ತದೆ. ಹಳೆಯ ಆರ್ಡರಿನ ವಾಪಸು ಈ ವಾರದ ಜಮೆಯಲ್ಲಿ ಮೈನಸ್ ಆಗಿ ಬರುತ್ತದೆ. ಅದಕ್ಕೇ ವಾರದ ಮಾರಾಟವನ್ನು ವಾರದ ಜಮೆಗೆ ತಾಳೆ ಹಾಕಿದರೆ ಎಂದೂ ಕೂಡುವುದಿಲ್ಲ. ಆರ್ಡರ್ ಐಡಿ ಹಿಡಿದೇ ತಾಳೆ ಹಾಕಬೇಕು.

ಯಾರೂ ಕೇಳದ ಇನ್ನೊಂದು ವಿಷಯ ಇದೆ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಗೆ ಜಿಎಸ್‌ಟಿ ಇಲ್ಲ, ಹಾಗಾದರೆ ಈ 18% ಯಾತಕ್ಕೆ? ಅದು ರೊಟ್ಟಿಯ ಮೇಲಲ್ಲ, ವೇದಿಕೆ ನಿಮಗೆ ಕೊಟ್ಟ ಸೇವೆಯ ಮೇಲೆ. ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡು ಬಿದ್ರಿ ಸಾಮಾನು ಮಾರುವ ಬೀದರಿನವರು ಈ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಬಹುದು. ತೆರಿಗೆಯೇ ಇಲ್ಲದ ರೊಟ್ಟಿಯಷ್ಟೇ ಮಾರುವವರಿಗೆ ಆ ದಾರಿ ಇಲ್ಲ. ಹಾಗಾಗಿ ರೊಟ್ಟಿಗೆ ಬೆಲೆ ಕಟ್ಟುವಾಗ ಆ 26.82ನ್ನು ಜೋಳ, ಕಟ್ಟಿಗೆ, ಕೂಲಿಯ ಜೊತೆಗೇ ಖರ್ಚಿನಲ್ಲಿ ಬರೆದುಕೊಳ್ಳಿ.