ಹತ್ತು ಲಕ್ಷದ ಬಿಲ್ಲು, ಒಂದು ಲಕ್ಷದ ರಿಫಂಡ್: ಅದು ಯಾರ ಹಣ?

ಪ್ರಶ್ನೆ: ನಾನು ಪುಣೆಯ ಕೋಥರೂಡಿನಲ್ಲಿದ್ದುಕೊಂಡು ಕಂಪನಿ ಕಚೇರಿಗಳ ಒಳಾಂಗಣ ವಿನ್ಯಾಸ ಮಾಡಿಕೊಡುತ್ತೇನೆ. ಪ್ರತಿ ಬಿಲ್ಲಿನಲ್ಲೂ ಶೇ 10ರಷ್ಟು ಟಿಡಿಎಸ್ ಹಿಡಿದೇ ಹಣ ಕೊಡುತ್ತಾರೆ. ರಿಟರ್ನ್ ಸಲ್ಲಿಸಿದರೆ ಅಷ್ಟೂ ವಾಪಸು ಬರುತ್ತದೆ ಎಂದು ಗೆಳತಿ ಹೇಳುತ್ತಾಳೆ. ‘ಸರ್ಕಾರ ಕೊಟ್ಟ ಹಣಕ್ಕೆ ಮುಂದಿನ ವರ್ಷ ಮತ್ತೆ ತೆರಿಗೆ ಕಟ್ಟಬೇಕಾಗುತ್ತದೆ, ಹುಷಾರು’ ಎನ್ನುತ್ತಾರೆ ಧಾರವಾಡದ ಸೋದರಮಾವ. ಯಾರ ಮಾತು ಸರಿ?

ಉತ್ತರ: ಗೆಳತಿಯ ಮಾತು ನಿಮ್ಮ ಮಟ್ಟಿಗೆ ಸರಿಯಾಗಬಹುದು. ಮಾವನವರ ಮಾತಿನಲ್ಲಿ ಒಂದೆಳೆ ಮಾತ್ರ ಸತ್ಯ. ಸರ್ಕಾರ ಇಲ್ಲಿ ಏನನ್ನೂ ಕೊಡುತ್ತಿಲ್ಲ. ನಿಮ್ಮಿಂದ ಹೆಚ್ಚಾಗಿ ಪಡೆದದ್ದನ್ನು ಹಿಂದಿರುಗಿಸುತ್ತಿದೆ, ಅಷ್ಟೆ.

ಟಿಡಿಎಸ್ ಎಂಬುದು ತೆರಿಗೆಯ ಅಂತಿಮ ಲೆಕ್ಕವಲ್ಲ, ಮುಂಗಡ ಜಮೆ. ಹಿಂಜವಡಿಯ ಒಂದು ಕಂಪನಿ ನಿಮ್ಮ ಬಿಲ್ಲು ಪಾಸು ಮಾಡುವಾಗ ಅದರ ಲೆಕ್ಕ ವಿಭಾಗಕ್ಕೆ ಕಾಣುವುದು ಆ ಬಿಲ್ಲು ಮಾತ್ರ. ನಿಮ್ಮ ಸಹಾಯಕರ ಸಂಬಳ, ಓಡಾಟದ ಖರ್ಚು, ಸಾಫ್ಟ್‌ವೇರಿನ ವಾರ್ಷಿಕ ಶುಲ್ಕ, ವರ್ಷದ ಅರ್ಧ ಕೆಲಸವಿಲ್ಲದೆ ಕುಳಿತದ್ದು, ಇವು ಯಾವುವೂ ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಗಣನೆಗೆ ತೆಗೆದುಕೊಳ್ಳುವ ಅಧಿಕಾರ ಅವರಿಗಿಲ್ಲ. ವೃತ್ತಿಪರ ಶುಲ್ಕಕ್ಕೆ ಕಾನೂನು ಹೇಳಿದ ದರ ಶೇ 10. ಅದನ್ನು ಇಡೀ ಬಿಲ್ಲಿನ ಮೇಲೆ ಹಿಡಿದು, ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಆದರೆ ತೆರಿಗೆ ಬೀಳುವುದು ಬಿಲ್ಲಿನ ಮೇಲಲ್ಲ, ಖರ್ಚು ಕಳೆದು ಉಳಿದ ಇಡೀ ವರ್ಷದ ಆದಾಯದ ಮೇಲೆ. ಅದೂ ಸ್ಲ್ಯಾಬಿನ ಪ್ರಕಾರ. ಹೆಚ್ಚುವರಿ ಕಡಿತ ಹುಟ್ಟುವುದು ಈ ಎರಡು ಅಳತೆಗಳ ನಡುವಿನ ಅಂತರದಲ್ಲಿ. ಇದರಲ್ಲಿ ಯಾರ ತಪ್ಪೂ ಇಲ್ಲ.

ನಿಮ್ಮಂಥವರೊಬ್ಬರ 2025-26ರ ಹಣಕಾಸು ವರ್ಷದ ಲೆಕ್ಕವನ್ನೇ ಹಾಕಿ ನೋಡೋಣ. ಮೂರು ಕಂಪನಿಗಳಿಗೆ ಕ್ರಮವಾಗಿ 4,50,000, 3,50,000 ಮತ್ತು 2,00,000 ರೂಪಾಯಿಯ ಬಿಲ್ಲು ಕೊಟ್ಟಿದ್ದೀರಿ ಎಂದುಕೊಳ್ಳಿ. ಒಟ್ಟು 10 ಲಕ್ಷ. ಟಿಡಿಎಸ್ 1 ಲಕ್ಷ ಹೋಗಿ, ಬ್ಯಾಂಕಿಗೆ ಬಂದದ್ದು 9 ಲಕ್ಷ. ಒಳಾಂಗಣ ವಿನ್ಯಾಸಕರು ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ನಿನ ಪಟ್ಟಿಯಲ್ಲಿದ್ದಾರೆ. ಅದರಡಿ ಖರ್ಚಿನ ರಸೀದಿಗಳನ್ನೆಲ್ಲ ಜೋಡಿಸದೆ, ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಬಹುದು. ನಿಜವಾಗಿ ಉಳಿದದ್ದೂ ಸುಮಾರು ಅಷ್ಟೇ ಎಂದಿಟ್ಟುಕೊಂಡರೆ ಆದಾಯ 5 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಮೇಲಿನ 1 ಲಕ್ಷಕ್ಕೆ ಶೇ 5ರಂತೆ 5,000 ರೂಪಾಯಿ. ಒಟ್ಟು ಆದಾಯ 12 ಲಕ್ಷದೊಳಗಿರುವುದರಿಂದ ರಿಯಾಯಿತಿಯಲ್ಲಿ ಅದೂ ಮಾಫಿ. ಕಟ್ಟಬೇಕಾದ ತೆರಿಗೆ ಸೊನ್ನೆ, ಕಟ್ಟಿರುವುದು 1 ಲಕ್ಷ. ಹಾಗಾಗಿ ರಿಫಂಡ್ 1 ಲಕ್ಷ.

ಒಂದು ಸೂಕ್ಷ್ಮ ಗಮನಿಸಿ. ಬಿಲ್ಲಿನ ಶೇ 10 ಎಂದರೆ, ಬಿಲ್ಲಿನ ಅರ್ಧವಷ್ಟೇ ಆದಾಯವಾಗಿರುವಾಗ, ಆದಾಯದ ಶೇ 20 ಎಂದಂತಾಯಿತು. ಈ ಗಳಿಕೆಯ ಮಟ್ಟದಲ್ಲಿ ಯಾರ ಸರಾಸರಿ ತೆರಿಗೆಯೂ ಅಷ್ಟಿರುವುದಿಲ್ಲ. ನಿಮ್ಮ ವೃತ್ತಿಯವರಿಗೆ ವರ್ಷವರ್ಷವೂ ರಿಫಂಡ್ ಬರುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇಲ್ಲಿ ಬಹಳ ಜನ ಎಡವುವುದು 9 ಲಕ್ಷವನ್ನೇ ಗಳಿಕೆಯೆಂದು ಬರೆದು. ಕೈಗೆ ಬಂದದ್ದು ಅಷ್ಟೇ ತಾನೇ ಎಂಬ ತರ್ಕ. ಆದರೆ ಕಡಿತವಾದ 1 ಲಕ್ಷವೂ ನೀವು ದುಡಿದದ್ದೇ; ಅದು ನಿಮ್ಮ ಪರವಾಗಿ ಬೇರೆ ದಾರಿಯಲ್ಲಿ ಸರ್ಕಾರಕ್ಕೆ ಹೋಯಿತು. ಗಳಿಕೆಯ ಕಡೆ 10 ಲಕ್ಷ ಬರೆದರೆ ಮಾತ್ರ ತೆರಿಗೆ ಜಮೆಯ ಕಡೆ 1 ಲಕ್ಷ ಕೇಳುವ ಹಕ್ಕು. ಬರೀ 9 ಲಕ್ಷ ತೋರಿಸಿ 1 ಲಕ್ಷ ಕೇಳಿದರೆ ಲೆಕ್ಕ ತಾಳೆಯಾಗದೆ ವಿವರಣೆ ಕೇಳಿ ಪತ್ರ ಬರುತ್ತದೆ.

ಮಾವನವರ ಮಾತಿಗೆ ಈಗ ಉತ್ತರ ಹೇಳಬಹುದು. ಈ 1 ಲಕ್ಷವನ್ನು ನೀವು ಆಗಲೇ ಗಳಿಕೆಯಲ್ಲಿ ತೋರಿಸಿದ್ದೀರಿ. ಅದು ವಾಪಸು ಬಂದಾಗ ಹೊಸ ಆದಾಯವೇನೂ ಆಗುವುದಿಲ್ಲ, ತೆರಿಗೆಯೂ ಇಲ್ಲ. ಅದರ ಜೊತೆ ಬರುವ ಬಡ್ಡಿಗೆ ಮಾತ್ರ ತೆರಿಗೆಯುಂಟು. ನಾನು ಹೇಳಿದ ಒಂದೆಳೆ ಸತ್ಯ ಅದೇ. ಕೊನೆಯ ದಿನಾಂಕದೊಳಗೆ ರಿಟರ್ನ್ ಸಲ್ಲಿಸಿದರೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ 0.5ರಂತೆ ಬಡ್ಡಿ ಸೇರುತ್ತದೆ. ಆಗಸ್ಟ್ 20ಕ್ಕೆ ರಿಫಂಡ್ ಆದರೆ ಐದು ತಿಂಗಳ ಲೆಕ್ಕ, 2,500 ರೂಪಾಯಿ. ಈ 2,500ನ್ನು ಅದು ಬಂದ ವರ್ಷದ ರಿಟರ್ನಿನಲ್ಲಿ ಇತರ ಮೂಲಗಳ ಆದಾಯದಡಿ ತೋರಿಸಬೇಕು. ತಡವಾಗಿ ಸಲ್ಲಿಸಿದವರಿಗೆ ಸಲ್ಲಿಸಿದ ದಿನದಿಂದ ಮಾತ್ರ ಬಡ್ಡಿ.

ಇದೊಂದು ಉಳಿತಾಯ ಯೋಜನೆಯಂತೆ ಒಳ್ಳೆಯದೇ ಅಲ್ಲವೇ ಎಂದು ಖುಷಿಪಡುವವರನ್ನು ನಾನು ನೋಡಿದ್ದೇನೆ. ಬಡ್ಡಿಯ ಗಡಿಯಾರ ಏಪ್ರಿಲ್ 1ಕ್ಕೆ ಶುರುವಾಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. 2025ರ ಮೇ ತಿಂಗಳ ಬಿಲ್ಲಿನಲ್ಲಿ ಹಿಡಿದ ಹಣ 2026ರ ಮಾರ್ಚ್ ಮುಗಿಯುವವರೆಗೆ ಒಂದು ಪೈಸೆ ಬಡ್ಡಿಯೂ ಇಲ್ಲದೆ ಕೂತಿರುತ್ತದೆ. ದೊಡ್ಡ ರಿಫಂಡ್ ಎಂದರೆ, ನಿಮ್ಮ ದುಡಿಯುವ ಬಂಡವಾಳ ಅಷ್ಟು ಕಾಲ ನಿಮ್ಮ ಕೈಯಲ್ಲಿರಲಿಲ್ಲ ಎಂದೇ ಅರ್ಥ.

ಇನ್ನು ರಿಫಂಡ್ ಕಡಿಮೆ ಬರುವ ಸಂಗತಿ. ಕಂಪನಿ ಕಡಿತ ಮಾಡಿದರೆ ಸಾಲದು. ಹಣ ಕಟ್ಟಿ, ಯಾರ ಪ್ಯಾನಿಗೆ ಎಷ್ಟು ಎಂಬ ತ್ರೈಮಾಸಿಕ ವಿವರಪಟ್ಟಿಯನ್ನೂ ಸಲ್ಲಿಸಬೇಕು. ಆಗ ಮಾತ್ರ ಅದು, ನಿಮ್ಮ ಪ್ಯಾನಿಗೆ ಜಮೆಯಾದ ತೆರಿಗೆಯನ್ನು ಇಲಾಖೆ ತೋರಿಸುವ 26ಎಎಸ್ ಪಟ್ಟಿಯಲ್ಲಿ ಮೂಡುತ್ತದೆ. ಎರಡನೆಯ ಕಂಪನಿ ನಿಮ್ಮ ಪ್ಯಾನಿನಲ್ಲಿ ಒಂದು ಅಕ್ಷರ ತಪ್ಪಾಗಿ ಬರೆದಿದ್ದರೆ ಆ 35,000 ಅಲ್ಲಿ ಕಾಣುವುದಿಲ್ಲ. ನೀವು 1 ಲಕ್ಷ ಕೇಳಿದರೂ ಬೆಂಗಳೂರಿನ ಸಂಸ್ಕರಣಾ ಕೇಂದ್ರ ತಾಳೆ ನೋಡಿ ಒಪ್ಪುವುದು 65,000 ಮಾತ್ರ. ಆದ್ದರಿಂದ ಏಪ್ರಿಲ್‌ನಲ್ಲೇ ರಿಟರ್ನ್ ಸಲ್ಲಿಸುವ ಆತುರ ಬೇಡ. ಜನವರಿ–ಮಾರ್ಚ್ ಅವಧಿಯ ಪಟ್ಟಿ ಸಲ್ಲಿಸಲು ಕಂಪನಿಗಳಿಗೆ ಮೇ 31ರವರೆಗೆ ಸಮಯವಿದೆ. ಜೂನ್ ನಡುವಿನ ಹೊತ್ತಿಗೆ ಪ್ರತಿ ಕಂಪನಿಯಿಂದ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ಎ ಪಡೆದು, ನಿಮ್ಮ ಬಿಲ್ಲು ಪುಸ್ತಕ ಮತ್ತು 26ಎಎಸ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊತ್ತ ಕಾಣದಿದ್ದರೆ ಇಲಾಖೆಗೆ ಪತ್ರ ಬರೆದು ಪ್ರಯೋಜನವಿಲ್ಲ. ಪಟ್ಟಿ ತಿದ್ದಬೇಕಾದದ್ದು ಆ ಕಂಪನಿಯೇ; ಅದರ ಲೆಕ್ಕ ವಿಭಾಗದ ಬೆನ್ನು ಹತ್ತಬೇಕು.

‘ಇನ್ನೂ ಹೆಚ್ಚು ರಿಫಂಡ್ ತಂದುಕೊಡುತ್ತೇನೆ, ಅದರಲ್ಲಿ ಇಷ್ಟು ಪಾಲು ಕೊಡಿ’ ಎನ್ನುವ ದಲ್ಲಾಳಿಗಳು ಪುಣೆಯಲ್ಲೂ ಸಿಗುತ್ತಾರೆ, ಮುಂಬಯಿಯಲ್ಲೂ ಸಿಗುತ್ತಾರೆ. ಕಟ್ಟಿದ್ದು ಮತ್ತು ಕಟ್ಟಬೇಕಾದದ್ದು, ಇವೆರಡರ ವ್ಯತ್ಯಾಸವೇ ರಿಫಂಡ್. ಅದಕ್ಕಿಂತ ಹೆಚ್ಚು ಬರಬೇಕಾದರೆ ಇಲ್ಲದ ದೇಣಿಗೆಯನ್ನೋ ಬಾಡಿಗೆಯನ್ನೋ ಸೃಷ್ಟಿಸಬೇಕು. ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ಅದರ ಮೇಲೆ ತೆರಿಗೆಯ ಇಮ್ಮಡಿಯಷ್ಟು ದಂಡ ಬೀಳುವುದು ನಿಮ್ಮ ಪ್ಯಾನಿನ ಮೇಲೆ, ದಲ್ಲಾಳಿಯ ಮೇಲಲ್ಲ.

ಕಡಿತವನ್ನೇ ತಗ್ಗಿಸಿಕೊಳ್ಳುವ ದಾರಿಯೂ ಇದೆ. ಬ್ಯಾಂಕ್ ಠೇವಣಿಗೆ ಕೊಡುವಂಥ ಸ್ವಯಂಘೋಷಣೆ ವೃತ್ತಿಪರ ಶುಲ್ಕಕ್ಕೆ ನಡೆಯುವುದಿಲ್ಲ. ನೀವು ಕೇಳಬೇಕಾದದ್ದು ಕಡಿಮೆ ದರದಲ್ಲಿ ಕಡಿತ ಮಾಡಲು ತೆರಿಗೆ ಅಧಿಕಾರಿ ಕೊಡುವ ಪ್ರಮಾಣಪತ್ರ. ಅರ್ಜಿ ಆನ್‌ಲೈನ್‌ನಲ್ಲೇ. ಹಿಂದಿನ ವರ್ಷಗಳ ರಿಟರ್ನ್ ಮತ್ತು ಈ ವರ್ಷದ ಅಂದಾಜು ಆದಾಯವನ್ನು ನೋಡಿ ಅವರು ದರ ನಿಗದಿ ಮಾಡುತ್ತಾರೆ. ಪತ್ರ ಕೈಸೇರುವ ಮೊದಲು ಹಿಡಿದ ಹಣಕ್ಕೆ ಅದು ಅನ್ವಯಿಸದು. ಅದಕ್ಕೇ ವರ್ಷದ ಮೊದಲ ಬಿಲ್ಲು ಬರೆಯುವ ಮೊದಲೇ ಅರ್ಜಿ ಹಾಕಿ.