ಸ್ಟ್ರಕ್ಚರ್ಡ್ ಔಟ್‌ಪುಟ್: ಬಿಲ್ಲಿನ ಫೋಟೋಗೆ ಟೇಬಲ್ಲೋ, ಬುಲೆಟ್ಟೋ, ಜೇಸನ್ನೋ?

ಕಾಗದದ ಫೋಟೋವನ್ನು ಎಐ ಮಾಡೆಲ್‌ಗೆ ಕೊಟ್ಟು ಓದಿಸಿದಾಗ ಬರೀ ಅಕ್ಷರ ಬಂದರೆ ಸಾಲದು. ಯಾವ ಅಂಕಿ ಯಾವ ಸಾಲಿನದು, ಯಾವ ಶೀರ್ಷಿಕೆಯ ಕೆಳಗಿನದು ಎಂಬುದೂ ಉಳಿದಿರಬೇಕು. ಹಾಗೆ ಕಟ್ಟು ಕೆಡದೆ ಬರುವ ಫಲಿತಾಂಶವೇ ಸ್ಟ್ರಕ್ಚರ್ಡ್ ಔಟ್‌ಪುಟ್. ಅದನ್ನು ಯಾವ ರೂಪದಲ್ಲಿ ಕೇಳಬೇಕು ಎಂಬುದು ಮುಂದೆ ಅದನ್ನು ಯಾರು ಓದುತ್ತಾರೆ ಎಂಬುದರ ಮೇಲಿದೆ.

ಒಂದು ಬಿಲ್ಲಿನ ಫೋಟೋ ಇದೆ ಎನ್ನಿ. ಮೇಲೆ ಬಿಲ್ ನಂಬರ್ 00417. ಕೆಳಗೆ ಎರಡು ಸಾಲು: ಬೋಲ್ಟ್ 12, ದರ 45, ಮೊತ್ತ 540; ಪೈಪ್ 3, ಮೊತ್ತ 450. ಪೈಪಿನ ದರದ ಮೇಲೆ ಬೆರಳಿನ ನೆರಳು ಬಿದ್ದು ನಡುವಿನ ಅಂಕಿ ಕಾಣುತ್ತಿಲ್ಲ.

ಸಾದಾ ಅಕ್ಷರಗಳಲ್ಲೇ ಗೆರೆ ಹಾಕಿ ಬರೆಯುವ ಮಾರ್ಕ್‌ಡೌನ್ ಟೇಬಲ್ ಕೇಳಿದರೆ ಎರಡು ಸಾಲೂ ಅಂದವಾಗಿ ಕೂರುತ್ತವೆ. ಫೋಟೋ ಪಕ್ಕದಲ್ಲಿಟ್ಟು ಕಣ್ಣಾಡಿಸಿ ತಾಳೆ ನೋಡಲು ಇದಕ್ಕಿಂತ ಸುಲಭದ್ದಿಲ್ಲ. ಆದರೆ ಬಿಲ್ ನಂಬರಿಗೆ ಟೇಬಲ್ಲಿನೊಳಗೆ ಜಾಗವಿಲ್ಲ. ಕಾಗದದಲ್ಲಿ ಎರಡು ಕಾಲಮ್ಮಿಗೆ ಒಂದೇ ಶೀರ್ಷಿಕೆ ಇದ್ದರೆ ಅದೂ ಕೂರುವುದಿಲ್ಲ, ಏಕೆಂದರೆ ಮಾರ್ಕ್‌ಡೌನಿನಲ್ಲಿ ಮನೆಗಳನ್ನು ಒಂದುಗೂಡಿಸಲು ಬರುವುದಿಲ್ಲ. ಇನ್ನೊಂದು ತೊಡಕು: ದರದ ಮನೆ ಖಾಲಿ ಬಂದರೆ, ಕಾಗದದಲ್ಲೇ ಖಾಲಿ ಇತ್ತೋ, ಇದ್ದದ್ದು ಓದಲಾಗಲಿಲ್ಲವೋ ತಿಳಿಯುವುದಿಲ್ಲ.

ಬುಲೆಟ್ ಪಟ್ಟಿ ಈ ಬಿಲ್ಲಿಗೆ ಒಗ್ಗದು. ಷರತ್ತು, ಉಪಷರತ್ತು ಎಂದು ಒಂದರೊಳಗೊಂದು ಇಳಿಯುವ ಕರಾರುಪತ್ರಕ್ಕೆ ಅದು ಸರಿ.

ಬಿಲ್ಲು ನೇರವಾಗಿ ಲೆಕ್ಕದ ಸಾಫ್ಟ್‌ವೇರಿಗೆ ಹೋಗುವುದಾದರೆ ಪ್ರತಿ ಮಾಹಿತಿಗೂ ಹೆಸರು ಕೊಟ್ಟು ಬರೆಯುವ ಜೇಸನ್ ರೂಪವೇ ಬೇಕು:

```json
{
  "bill_no": "00417",
  "items": [
    {"name": "ಬೋಲ್ಟ್", "qty": 12, "rate": 45, "amount": 540},
    {"name": "ಪೈಪ್", "qty": 3, "rate": null,
     "rate_seen": "1?0", "amount": 450}
  ]
}
```

ಬಿಲ್ ನಂಬರಿಗೆ ಉದ್ಧರಣ ಚಿಹ್ನೆ ಸುಮ್ಮನೆ ಹಾಕಿದ್ದಲ್ಲ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಜೇಸನ್ ಒಪ್ಪುವುದಿಲ್ಲ; 417 ಎಂದು ಬರೆದರೆ ಅದು ಬೇರೆಯೇ ನಂಬರ್. ಮೊತ್ತದಲ್ಲಿ ಅಲ್ಪವಿರಾಮವಿದ್ದರೂ ತೆಗೆಯಲೇಬೇಕು.

ಹೆಚ್ಚಿನವರು ಎಡವುವುದು `rate` ವಿಷಯದಲ್ಲಿ. ನಮೂನೆ ಕೊಡುವಾಗ ದರ ಕಡ್ಡಾಯವಾಗಿ ಸಂಖ್ಯೆಯೇ ಆಗಿರಬೇಕು ಎಂದು ಹೇಳಿಬಿಟ್ಟರೆ ಮಾಡೆಲ್‌ಗೆ ಓದಲಾಗಲಿಲ್ಲ ಎನ್ನುವ ದಾರಿಯೇ ಉಳಿಯುವುದಿಲ್ಲ. ಅದು 150 ಎಂದೋ 180 ಎಂದೋ ತುಂಬಿಬಿಡುತ್ತದೆ, ಜೇಸನ್ ಮಾತ್ರ ಒಂದು ಚುಕ್ಕೆಯೂ ತಪ್ಪದೆ ಇರುತ್ತದೆ! ಹಾಗಾಗಿ ಸಂಖ್ಯೆ ಇಲ್ಲ ಎಂದು ಸೂಚಿಸುವ `null` ಬರಲು ಬಿಡಿ, ಕಂಡಷ್ಟನ್ನು `rate_seen`ನಲ್ಲಿ ಇದ್ದ ಹಾಗೇ ಬರೆಸಿ.

450ನ್ನು 3ರಿಂದ ಭಾಗಿಸಿದರೆ 150 ಬರುತ್ತದಲ್ಲ ಎನ್ನಬಹುದು. ಬರುತ್ತದೆ, "1?0"ಕ್ಕೂ ಹೊಂದುತ್ತದೆ. ಆದರೂ ಆ ಲೆಕ್ಕ ಆಮೇಲಿನದು, ಬೇರೆ ಹೆಸರಿನಡಿ ಇರಬೇಕಾದದ್ದು. ಮಾಡೆಲ್ ಓದುವಾಗಲೇ ಭಾಗಿಸಿ ತುಂಬಿದರೆ, 450 ಎಂಬುದನ್ನೇ ತಪ್ಪಾಗಿ ಓದಿದ್ದರೂ ಗುಣಾಕಾರ ಸರಿಹೊಂದಿಬಿಡುತ್ತದೆ. ತಪ್ಪು ಹಿಡಿಯಲು ಇದ್ದ ಒಂದು ತಾಳೆಯೂ ಕೈಬಿಟ್ಟಂತೆ.