ಸರಾಸರಿ ಸಂಬಳ 18 ಸಾವಿರ, ಆದರೆ ಅಷ್ಟು ಪಡೆಯುವವರು ಒಬ್ಬರೂ ಇಲ್ಲ

ಸಂಖ್ಯಾಶಾಸ್ತ್ರದ ಪಾಠದಲ್ಲಿ ನಮಗೆ ಬಿಡಿಸಲು ಒಂದು ಭಾಷಣ ಕೊಟ್ಟಿದ್ದರು. ಕಾರ್ಖಾನೆಯ ಯೂನಿಯನ್ ಪ್ರತಿನಿಧಿಯೊಬ್ಬರು ಗೇಟ್ ಮೀಟಿಂಗಿನಲ್ಲಿ ಮಾತಾಡುತ್ತಾರೆ. "ಇಲ್ಲಿನ ಸರಾಸರಿ ಸಂಬಳ ತಿಂಗಳಿಗೆ 18 ಸಾವಿರ" ಎಂದು ಆಡಳಿತದವರು ನೋಟಿಸ್ ಹಾಕಿದ್ದಾರೆ. ಪ್ರತಿನಿಧಿ ಅದನ್ನು ಓದಿ ಕೇಳುತ್ತಾರೆ: "18 ಸಾವಿರ ತಗೊಳ್ಳೋರು ಯಾರಾದರೂ ಇದ್ದರೆ ಕೈ ಎತ್ತಿ." ಒಂದು ಕೈಯೂ ಏಳುವುದಿಲ್ಲ. ಹಾಗಂತ ನೋಟಿಸಿನ ಲೆಕ್ಕ ತಪ್ಪಲ್ಲ. ಪಾಠ ಇರುವುದೇ ಅಲ್ಲಿ.

ಕಾರ್ಖಾನೆಯಲ್ಲಿ ಒಟ್ಟು 50 ಜನ. 36 ಹೆಲ್ಪರ್‌ಗಳಿಗೆ ತಲಾ 10 ಸಾವಿರ, 8 ಆಪರೇಟರ್‌ಗಳಿಗೆ ತಲಾ 15 ಸಾವಿರ, 5 ಸೂಪರ್‌ವೈಸರ್‌ಗಳಿಗೆ ತಲಾ 40 ಸಾವಿರ, ಒಬ್ಬ ಮ್ಯಾನೇಜರ್‌ಗೆ 220 ಸಾವಿರ. ಗುಣಿಸಿ ಕೂಡಿದರೆ 360 + 120 + 200 + 220 = 900 ಸಾವಿರ. 50ರಿಂದ ಭಾಗಿಸಿದರೆ 18. ಲೆಕ್ಕ ಸರಿಯಾಗಿಯೇ ಇದೆ. ಆದರೆ 50ರಲ್ಲಿ 44 ಜನರ ಸಂಬಳ ಅದಕ್ಕಿಂತ ಕಡಿಮೆ.

ಮುಂದೆ ಪ್ರತಿನಿಧಿ ಮಧ್ಯಾಂಕದ ಮಾತು ತೆಗೆಯುತ್ತಾರೆ. ಆ ಪದವನ್ನು ಅವರು ಬಳಸುವುದಿಲ್ಲ. "ಎಲ್ಲರೂ ಕಡಿಮೆ ಸಂಬಳದವರಿಂದ ಹೆಚ್ಚು ಸಂಬಳದವರವರೆಗೆ ಸಾಲಾಗಿ ನಿಲ್ಲಿ, ನಡುವೆ ನಿಂತವರ ಸಂಬಳದ ಚೀಟಿ ನೋಡೋಣ" ಎನ್ನುತ್ತಾರೆ, ಅಷ್ಟೇ. ನಾನು ಎಡವಿದ್ದು ಇಲ್ಲೇ, ಹಾಗಾಗಿ ಇದನ್ನು ನಿಧಾನವಾಗಿ ಬರೆಯುತ್ತೇನೆ.

ನಾನು ಪಟ್ಟಿಯಲ್ಲಿದ್ದ ನಾಲ್ಕು ಸಂಬಳಗಳನ್ನು ಕ್ರಮವಾಗಿ ಬರೆದೆ: 10, 15, 40, 220. ನಡುವಿನ ಎರಡು ಅಂಕಿ 15 ಮತ್ತು 40. ಅವೆರಡರ ಸರಾಸರಿ 27.5. ಇದೇ ಮಧ್ಯಾಂಕ ಅಂದುಕೊಂಡೆ. ಸರಾಸರಿಗಿಂತಲೂ ಜಾಸ್ತಿ ಬಂತಲ್ಲ ಎಂದು ಅನುಮಾನ ಬಂದರೂ ತಪ್ಪು ಎಲ್ಲಿದೆ ಅಂತ ಹೊಳೆಯಲಿಲ್ಲ. ಆಮೇಲೆ ಭಾಷಣವನ್ನೇ ಮತ್ತೆ ಓದಿದೆ. ಪ್ರತಿನಿಧಿ ಸಾಲಲ್ಲಿ ನಿಲ್ಲಿಸಿದ್ದು ಜನರನ್ನು. ನಾನು ನಿಲ್ಲಿಸಿದ್ದು ದರ್ಜೆಗಳನ್ನು. ನನ್ನ ಸಾಲಿನಲ್ಲಿ 36 ಹೆಲ್ಪರ್‌ಗಳಿಗೂ ಸೇರಿ ಒಂದೇ ಜಾಗ, ಒಬ್ಬ ಮ್ಯಾನೇಜರ್‌ಗೂ ಒಂದು ಜಾಗ!

ಸರಿಯಾದ ಸಾಲಿನಲ್ಲಿ 10 ಎಂಬ ಅಂಕಿ 36 ಸಲ ಬರಬೇಕು, 15 ಎಂಟು ಸಲ, 40 ಐದು ಸಲ, 220 ಒಂದು ಸಲ. 50 ಸಮಸಂಖ್ಯೆಯಾದ್ದರಿಂದ ನಡುವೆ ಇಬ್ಬರು ನಿಲ್ಲುತ್ತಾರೆ, 25ನೆಯವರು ಮತ್ತು 26ನೆಯವರು. ಅಷ್ಟನ್ನೂ ಬಿಡಿಯಾಗಿ ಬರೆಯುವ ಕೆಲಸವಿಲ್ಲ. ಜನರ ಸಂಖ್ಯೆಯನ್ನು ಕೂಡುತ್ತಾ ಹೋದರೆ ಸಾಕು: 36, 44, 49, 50. ಪುಸ್ತಕದಲ್ಲಿ ಇದನ್ನು ಸಂಚಿತ ಆವೃತ್ತಿ ಎನ್ನುತ್ತಾರೆ. ಮೊದಲ ಹೆಜ್ಜೆಯಲ್ಲೇ 36 ಆಯಿತು, ಅಂದರೆ 25 ಮತ್ತು 26 ಎರಡೂ ಹೆಲ್ಪರ್‌ಗಳ ಗುಂಪಿನಲ್ಲೇ ಬಿದ್ದವು. ಮಧ್ಯಾಂಕ 10 ಸಾವಿರ.

ನೀವು ಬಿಡಿಸುವಾಗ ಸಂಬಳದ ಕಾಲಂ ಮುಟ್ಟುವ ಮುಂಚೆ ಜನರ ಕಾಲಂ ಕೂಡಿ. ಕೊನೆಯಲ್ಲಿ ಒಟ್ಟು ಜನರ ಸಂಖ್ಯೆ ಬರದಿದ್ದರೆ ಯಾರೋ ಸಾಲಿನಿಂದ ಬಿಟ್ಟುಹೋಗಿದ್ದಾರೆ ಎಂದರ್ಥ.

ಭಾಷಣದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದರ ನಂತರ ಬರುತ್ತದೆ. ಮ್ಯಾನೇಜರ್‌ಗೆ ಮಾತ್ರ 50 ಸಾವಿರ ಹೆಚ್ಚಿಸಿದರು ಅಂದುಕೊಳ್ಳಿ. ಒಟ್ಟು 950 ಆಗುತ್ತದೆ, ಸರಾಸರಿ 19. "ಸರಾಸರಿ ಸಂಬಳ ಒಂದು ಸಾವಿರ ಏರಿದೆ" ಎಂದು ಹೊಸ ನೋಟಿಸ್ ಹಾಕಬಹುದು, ಅದೂ ಸುಳ್ಳಲ್ಲ. ಆದರೆ 49 ಜನರ ಚೀಟಿಯಲ್ಲಿ ಒಂದು ಪೈಸೆಯೂ ಬದಲಾಗಿಲ್ಲ. ಮಧ್ಯಾಂಕ ಅದೇ 10. ತುದಿಯಲ್ಲಿ ನಿಂತವರು ಎಷ್ಟು ಎತ್ತರಕ್ಕೆ ಹೋದರೂ ನಡುವೆ ನಿಂತವರು ಬದಲಾಗುವುದಿಲ್ಲ, ಅಲ್ವಾ? ದುಡಿಯುವವರ ಎದುರು ಸರಾಸರಿಯೊಂದನ್ನೇ ಇಡುವುದು ನನಗೆ ಅನ್ಯಾಯ ಅನ್ನಿಸಿದ್ದು ಇದನ್ನು ಕೈಯಾರೆ ಲೆಕ್ಕ ಹಾಕಿದ ಮೇಲೆ.

ಹಾಗಂತ ಸರಾಸರಿ ಕೆಲಸಕ್ಕೆ ಬಾರದ್ದಲ್ಲ. 18ನ್ನು 50ರಿಂದ ಗುಣಿಸಿದರೆ ಸಂಬಳದ ಒಟ್ಟು ಖರ್ಚು ಸಿಗುತ್ತದೆ, ಮಧ್ಯಾಂಕದಿಂದ ಅದು ಸಿಗುವುದಿಲ್ಲ.

ಮಧ್ಯಾಂಕವೂ ಕೆಲವನ್ನು ಮುಚ್ಚಿಡುತ್ತದೆ. ಮೊದಲಿನ ಪಟ್ಟಿಯಲ್ಲೇ 24 ಹೆಲ್ಪರ್‌ಗಳ ಸಂಬಳವನ್ನು 8 ಸಾವಿರಕ್ಕೆ ಇಳಿಸಿದರೆ? 25 ಮತ್ತು 26ನೆಯವರು ಆಗಲೂ 10 ಸಾವಿರದವರೇ. ಹೆಚ್ಚುಕಡಿಮೆ ಅರ್ಧ ಕಾರ್ಖಾನೆಯ ಸಂಬಳ ಇಳಿದರೂ ಮಧ್ಯಾಂಕ ಕದಲುವುದಿಲ್ಲ. ಇಲ್ಲಿ ಸರಾಸರಿಯೇ 17.04ಕ್ಕೆ ಇಳಿದು ಸುಳಿವು ಕೊಡುತ್ತದೆ. ಹಾಗಾಗಿ ಪ್ರತಿನಿಧಿ ಕೊನೆಗೆ ಇನ್ನೊಂದು ಅಂಕಿ ಕೇಳುವುದಿಲ್ಲ. ಯಾವ ದರ್ಜೆಯಲ್ಲಿ ಎಷ್ಟು ಜನ, ತಲಾ ಎಷ್ಟು ಸಂಬಳ ಎಂಬ ಪೂರ್ತಿ ಪಟ್ಟಿಯನ್ನೇ ನೋಟಿಸ್ ಬೋರ್ಡಿಗೆ ಹಾಕಿ ಎಂದು ಕೇಳುತ್ತಾರೆ.